ಅಕ್ಕ ಓದುವ ಶಾಲೆಯಲ್ಲಿ ತಮ್ಮನಿಗೆ ಸೀಟು ಸಿಗದಾಗ: ಮರುಪರಿಶೀಲನೆ ಕೋರುವ ಪತ್ರ ಬರೆಯುವ ಕ್ರಮ

ಕೊಡಗಿನಲ್ಲಿ ಖಾಸಗಿ ಶಾಲೆಗಳ ಪ್ರವೇಶಾತಿ ಮತ್ತು ಕಾಫಿ ಕೊಯ್ಲು ಒಂದೇ ಕಾಲಕ್ಕೆ ಬರುತ್ತವೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೋಟದಲ್ಲಿ ಆಳುಗಳನ್ನು ಹೊಂದಿಸುವುದು, ಸಂಜೆ ಹಣ್ಣು ತೂಗಿ ಲೆಕ್ಕ ಬರೆಯುವುದು, ಕಣದಲ್ಲಿ ಹರಡಿದ ಕಾಫಿಗೆ ಅಕಾಲ ಮಳೆ ಬೀಳದಂತೆ ಕಾಯುವುದು ಇವುಗಳ ನಡುವೆಯೇ ಶಾಲೆಯ ಅರ್ಜಿಯನ್ನೂ ತುಂಬಬೇಕಾಗುತ್ತದೆ. ದೊಡ್ಡ ಮಗು ಅದೇ ಶಾಲೆಯಲ್ಲಿ ಓದುತ್ತಿದ್ದರೆ ಚಿಕ್ಕದಕ್ಕೆ ಸೀಟು ಹೇಗೂ ಸಿಗುತ್ತದೆ ಎಂಬ ಭರವಸೆಯಲ್ಲಿ ಅನೇಕ ತಂದೆತಾಯಿಯರು ಆ ಅರ್ಜಿಗೆ ಅರ್ಧ ಗಮನವನ್ನಷ್ಟೇ ಕೊಡುತ್ತಾರೆ. ಒಂದು ದಿನ ಮೊಬೈಲಿಗೆ ‘ನಿಮ್ಮ ಮಗುವಿಗೆ ಪ್ರವೇಶ ನೀಡಲು ಸಾಧ್ಯವಾಗಿಲ್ಲ’ ಎಂಬ ಸಂದೇಶ ಬರುತ್ತದೆ. ಆಗ ಮನೆಯವರೆಲ್ಲ ಸೇರಿ ಪತ್ರ ಬರೆಯಲು ಕೂರುತ್ತಾರೆ.

ಜಿಲ್ಲೆಯ ಒಂದು ಖಾಸಗಿ ಶಾಲೆಯ ಕಚೇರಿಯಲ್ಲಿ ನಾನು ಹಲವು ವರ್ಷ ಪ್ರವೇಶಾತಿಯ ಕೆಲಸ ನೋಡಿಕೊಂಡಿದ್ದೇನೆ. ಅಂಥ ಪತ್ರಗಳನ್ನು ತೆರೆದು, ವಹಿಯಲ್ಲಿ ದಾಖಲಿಸಿ, ಪ್ರಾಂಶುಪಾಲರ ಮೇಜಿನ ಮೇಲೆ ಇಡುತ್ತಿದ್ದವಳು ನಾನೇ. ಸೀಟು ಕೊಡಲು ಸಾಧ್ಯವಿದ್ದ ಸಂದರ್ಭದಲ್ಲೂ ಪತ್ರ ಸರಿಯಾಗಿ ಬರೆಯದ ಕಾರಣಕ್ಕೆ ಕೈತಪ್ಪಿಹೋದ ಮಕ್ಕಳನ್ನು ನೋಡಿ ಬೇಸರಪಟ್ಟಿದ್ದೇನೆ. ಯಾವ ಕಾರಣಕ್ಕೆ ಪ್ರವೇಶ ನಿರಾಕರಿಸಲಾಯಿತೋ ಆ ಕಾರಣಕ್ಕೆ ಪತ್ರ ಉತ್ತರ ಕೊಡಬೇಕು, ಮತ್ತು ಪ್ರಾಂಶುಪಾಲರು ತಮ್ಮ ಅಧಿಕಾರದಲ್ಲಿ ಮಾಡಬಹುದಾದ ಒಂದು ಕೆಲಸವನ್ನು ಸ್ಪಷ್ಟವಾಗಿ ಕೇಳಬೇಕು. ಉಳಿದದ್ದೆಲ್ಲ ಇದರ ವಿವರಣೆ.

ಬರೆಯುವ ಮೊದಲು: ನಿರಾಕರಣೆಯ ಕಾರಣ ತಿಳಿದುಕೊಳ್ಳಿ

ಒಡಹುಟ್ಟಿದವರು ಅದೇ ಶಾಲೆಯಲ್ಲಿದ್ದಾರೆ ಎಂಬ ಕಾರಣಕ್ಕೆ ಕಿರಿಯ ಮಗುವಿಗೆ ಸೀಟು ಕೊಡಲೇಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ. ಒಡಹುಟ್ಟಿದವರಿಗೆ ಆದ್ಯತೆ ಎಂಬುದು ಆಯಾ ಶಾಲೆಯ ಆಡಳಿತ ಮಂಡಳಿ ತಾನಾಗಿ ಇಟ್ಟುಕೊಂಡ ನಿಯಮ. ಕೆಲವು ಶಾಲೆಗಳಲ್ಲಿ ಅದು ಪ್ರವೇಶ ಪ್ರಕಟಣೆಯಲ್ಲಿಯೇ ಅಚ್ಚಾಗಿರುತ್ತದೆ, ಕೆಲವೆಡೆ ಬರೇ ರೂಢಿಯಾಗಿರುತ್ತದೆ, ಇನ್ನು ಕೆಲವೆಡೆ ಇರುವುದೇ ಇಲ್ಲ. ಆದ್ದರಿಂದ ‘ಇದು ನಮ್ಮ ಹಕ್ಕು’ ಎಂದು ಶುರುವಾಗುವ ಪತ್ರ ಮೊದಲ ಸಾಲಿನಲ್ಲಿಯೇ ತಪ್ಪುತ್ತದೆ. ನೀವು ಕೇಳಬೇಕಾದದ್ದು ಶಾಲೆಯು ತನ್ನದೇ ನಿಯಮವನ್ನು ನಿಮ್ಮ ಮಗುವಿನ ಅರ್ಜಿಗೆ ಅನ್ವಯಿಸಿ ಮತ್ತೊಮ್ಮೆ ನೋಡಲಿ ಎಂದು. ಹೀಗೆ ಕೇಳಲು ಆ ನಿಯಮ ಏನೆಂದು ಗೊತ್ತಿರಬೇಕು.

ಮೊಬೈಲ್ ಸಂದೇಶದಲ್ಲಿ ಸಾಮಾನ್ಯವಾಗಿ ಕಾರಣ ಇರುವುದಿಲ್ಲ. ಪತ್ರ ಬರೆಯುವ ಮೊದಲು ಒಮ್ಮೆ ಕಚೇರಿಗೆ ಹೋಗಿ. ಬೆಳಿಗ್ಗೆ ಶಾಲೆಯ ವಾಹನಗಳು ಬಂದು ಮಕ್ಕಳು ತರಗತಿಗೆ ಹೋದ ಮೇಲೆ, ಸುಮಾರು ಹತ್ತೂವರೆಯ ನಂತರ ಹೋದರೆ ಕಚೇರಿಯವರಿಗೂ ಮಾತನಾಡಲು ಬಿಡುವಿರುತ್ತದೆ. ಮೂರೇ ಪ್ರಶ್ನೆ ಕೇಳಿ. ಪ್ರವೇಶ ನಿರಾಕರಿಸಲು ಕಾರಣವೇನು? ನಮ್ಮ ಅರ್ಜಿಯನ್ನು ಒಡಹುಟ್ಟಿದವರ ಅರ್ಜಿ ಎಂದು ಪರಿಗಣಿಸಲಾಗಿತ್ತೇ? ಕಾಯುವ ಪಟ್ಟಿ ಇದೆಯೇ, ಇದ್ದರೆ ನಮ್ಮ ಮಗುವಿನ ಕ್ರಮಸಂಖ್ಯೆ ಎಷ್ಟು? ಉತ್ತರವನ್ನು ಅಲ್ಲಿಯೇ ಒಂದು ಚೀಟಿಯಲ್ಲಿ ದಿನಾಂಕ ಹಾಕಿ ಬರೆದುಕೊಳ್ಳಿ. ಜಗಳಕ್ಕೆ ಹೋಗಬೇಡಿ. ಆ ಮೇಜಿನ ಹಿಂದೆ ಕೂತವರಿಗೆ ಸೀಟು ಕೊಡುವ ಅಧಿಕಾರ ಇರುವುದಿಲ್ಲ, ಆದರೆ ನಿಮ್ಮ ಪತ್ರ ಯಾವ ಕಡತದ ಜೊತೆ ಸೇರಬೇಕೆಂದು ತಿಳಿದವರು ಅವರೇ.

ಕಾರಣ ವಯಸ್ಸಿನದ್ದಾಗಿದ್ದರೆ ಮರುಪರಿಶೀಲನೆಯ ಪತ್ರದಿಂದ ಪ್ರಯೋಜನವಿಲ್ಲ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮ ಬಂದಿದೆ. 2025–26ನೇ ಸಾಲಿಗೆ ಮಾತ್ರ ಸರ್ಕಾರ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದಾಗ ಆ ಸಡಿಲಿಕೆ ಬಂದದ್ದು ಸರ್ಕಾರದಿಂದಲೇ ಹೊರತು ಯಾವುದೋ ಶಾಲೆಯ ಪ್ರಾಂಶುಪಾಲರಿಂದಲ್ಲ. ಅದೇ ಲೆಕ್ಕದಲ್ಲಿ ಎಲ್‌ಕೆಜಿಗೆ 4 ವರ್ಷ ತುಂಬಿರಬೇಕು. ಜೂನ್ 18ರಂದು ಹುಟ್ಟಿದ ಮಗುವಿಗೆ ಹದಿನೇಳು ದಿನ ಕಡಿಮೆ ಬಿದ್ದರೂ ಕಡಿಮೆಯೇ. ಅಂಥ ಸಂದರ್ಭದಲ್ಲಿ ಮುಂದಿನ ವರ್ಷದ ಅರ್ಜಿ ಯಾವಾಗ ಕೊಡುತ್ತಾರೆ ಎಂದು ಕೇಳಿ ಬರೆದಿಟ್ಟುಕೊಳ್ಳುವುದೇ ಸರಿ.

ಪ್ರವೇಶ ಪರೀಕ್ಷೆಯ ಮೂಲಕ ಮಕ್ಕಳನ್ನು ತೆಗೆದುಕೊಳ್ಳುವ ಕೂಡಿಗೆಯ ಸೈನಿಕ ಶಾಲೆ ಮತ್ತು ಗಾಳಿಬೀಡಿನ ಜವಾಹರ್ ನವೋದಯ ವಿದ್ಯಾಲಯದಂಥ ಕಡೆಯೂ ಇಂಥ ಪತ್ರಕ್ಕೆ ಜಾಗವಿಲ್ಲ. ಅಕ್ಕ ಅಲ್ಲಿದ್ದಾಳೆ ಎಂಬುದರಿಂದ ತಮ್ಮನ ಅಂಕ ಹೆಚ್ಚುವುದಿಲ್ಲ.

ಪತ್ರ ನಿಜವಾಗಿ ಕೆಲಸ ಮಾಡುವುದು ಎರಡು ಸಂದರ್ಭಗಳಲ್ಲಿ. ಒಂದು, ಸೀಟು ಭರ್ತಿಯಾಗಿದೆ ಎಂದು ಹೇಳಿದಾಗ. ಇನ್ನೊಂದು, ನಿಮ್ಮ ಮಗು ಒಡಹುಟ್ಟಿದವರ ಪಟ್ಟಿಗೆ ಸೇರಿಯೇ ಇಲ್ಲದಿದ್ದಾಗ. ಈ ಎರಡನೆಯದು ನೀವು ಅಂದುಕೊಳ್ಳುವುದಕ್ಕಿಂತ ಹೆಚ್ಚು ಸಲ ಆಗುತ್ತದೆ, ಕೊಡಗಿನಲ್ಲಿ ಅದಕ್ಕೊಂದು ವಿಶೇಷ ಕಾರಣವೂ ಇದೆ.

ಒಂದು ಮನೆಯ ಪ್ರಸಂಗ

ಸುಂಟಿಕೊಪ್ಪದ ಕಡೆಯ ಒಬ್ಬ ತಾಯಿ ಒಮ್ಮೆ ನಮ್ಮ ಕಚೇರಿಗೆ ಬಂದಿದ್ದರು. ದೊಡ್ಡ ಮಗಳು ನಾಲ್ಕನೇ ತರಗತಿಯಲ್ಲಿ ಓದುತ್ತಿದ್ದಳು. ಮಗನಿಗೆ ಎಲ್‌ಕೆಜಿಗೆ ಜನವರಿ 20ರಂದು ಅರ್ಜಿ ಹಾಕಿದ್ದರು, ಫೆಬ್ರವರಿ 14ರಂದು ನಿರಾಕರಣೆಯ ಸಂದೇಶ ಬಂದಿತ್ತು. ಕೈಯಲ್ಲಿ ಎರಡು ಪುಟದ ಪತ್ರವಿತ್ತು. ಮಗ ಅಕ್ಕನ ಬ್ಯಾಗು ಹಾಕಿಕೊಂಡು ದಿನವೂ ಗೇಟಿನ ಬಳಿ ನಿಲ್ಲುತ್ತಾನೆ, ಐದು ವರ್ಷದಿಂದ ಒಂದು ದಿನವೂ ತಪ್ಪದೆ ಶುಲ್ಕ ಕಟ್ಟಿದ್ದೇವೆ, ಶಾಲೆಯ ವಾರ್ಷಿಕೋತ್ಸವಕ್ಕೆ ಸಹಾಯ ಮಾಡಿದ್ದೇವೆ, ನಮಗಿಂತ ಹೊಸಬರಿಗೆ ಸೀಟು ಸಿಕ್ಕಿದೆ, ದಯವಿಟ್ಟು ಕೈಬಿಡಬೇಡಿ ಎಂದು ಬರೆದಿದ್ದರು. ಬರೆದದ್ದೆಲ್ಲ ನಿಜ. ಆದರೆ ಅದನ್ನು ಓದಿದ ಪ್ರಾಂಶುಪಾಲರು ಅನುಕಂಪ ಪಡಬಹುದೇ ಹೊರತು ನಿರ್ಧಾರ ಬದಲಿಸಲು ಅದರಲ್ಲಿ ಹೊಸ ಸಂಗತಿ ಒಂದೂ ಇರಲಿಲ್ಲ. ಹೊಸಬರಿಗೆ ಸಿಕ್ಕಿದೆ ಎಂಬ ಮಾತು ಓದಿದವರನ್ನು ಸಮರ್ಥನೆಗೆ ಇಳಿಸುತ್ತದೆ.

ನಾನು ಅರ್ಜಿಯ ಕಡತ ತೆಗೆದು ನೋಡಿದೆ. ‘ಒಡಹುಟ್ಟಿದವರು ಈ ಶಾಲೆಯಲ್ಲಿ ಓದುತ್ತಿದ್ದಾರೆಯೇ’ ಎಂಬ ಅಂಕಣದಲ್ಲಿ ‘ಹೌದು’ ಎಂದಷ್ಟೇ ಇತ್ತು, ಪಕ್ಕದ ಪ್ರವೇಶ ಸಂಖ್ಯೆಯ ಚೌಕ ಖಾಲಿ. ಸಂಖ್ಯೆ ಇಲ್ಲದಿದ್ದರೆ ಕಚೇರಿಯಲ್ಲಿ ತಂದೆಯ ಹೆಸರಿನಿಂದ ಹುಡುಕುತ್ತಾರೆ. ಅಕ್ಕನ ದಾಖಲೆಯಲ್ಲಿ ತಂದೆಯ ಹೆಸರಿನ ಮುಂದೆ ಮನೆತನದ ಹೆಸರು ಪೂರ್ತಿಯಾಗಿ ಇತ್ತು. ತಮ್ಮನ ಜನನ ಪ್ರಮಾಣಪತ್ರದಲ್ಲಿ ಮನೆತನದ ಹೆಸರು ಒಂದು ಅಕ್ಷರಕ್ಕೆ ಇಳಿದು, ಅಜ್ಜನ ಹೆಸರಿನ ಮೊದಲಕ್ಷರದ ಜೊತೆ ಇನಿಷಿಯಲ್ ಆಗಿತ್ತು. ಕೊಡವ ಮನೆಗಳಲ್ಲಿ ಒಕ್ಕದ ಹೆಸರು ಹೀಗೆ ಒಂದು ಕಾಗದದಲ್ಲಿ ಪೂರ್ತಿ, ಇನ್ನೊಂದರಲ್ಲಿ ಒಂದೇ ಅಕ್ಷರ, ಮತ್ತೊಂದರಲ್ಲಿ ಹೆಸರಿನ ಕೊನೆಗೆ ಎಂದು ಬದಲಾಗುವುದು ಬಹಳ ಸಾಮಾನ್ಯ. ಮನೆಹೆಸರು ಇಟ್ಟುಕೊಳ್ಳುವ ಗೌಡ ಕುಟುಂಬಗಳಲ್ಲಿಯೂ ಇದನ್ನು ಕಂಡಿದ್ದೇನೆ. ಹುಡುಕಿದವರಿಗೆ ಇಬ್ಬರು ತಂದೆಯರು ಕಂಡರು, ಹುಡುಗ ಸಾಮಾನ್ಯ ಅರ್ಜಿದಾರರ ಪಟ್ಟಿಗೆ ಹೋದ.

“ಮೇಡಂ, ಇಬ್ಬರೂ ಒಂದೇ ಮನೆಯ ಮಕ್ಕಳು ಎಂದು ತೋರಿಸುವ ಒಂದೇ ಕಾಗದ ಏನಾದರೂ ಇದೆಯೇ?” ಎಂದು ಕೇಳಿದೆ.

“ರೇಷನ್ ಕಾರ್ಡಿನಲ್ಲಿ ಎಲ್ಲರ ಹೆಸರೂ ಇದೆಯಲ್ಲ?” ಎಂದರು.

ಅದೇ ಬೇಕಾಗಿದ್ದದ್ದು. ಪಡಿತರ ಚೀಟಿಯಲ್ಲಿ ಮನೆಯ ಸದಸ್ಯರೆಲ್ಲರ ಹೆಸರು ಒಂದೇ ಕಡೆ ಇರುವುದರಿಂದ ಇಬ್ಬರು ಮಕ್ಕಳ ಸಂಬಂಧ ಒಂದೇ ನೋಟಕ್ಕೆ ತಿಳಿಯುತ್ತದೆ. ಅದರಲ್ಲಿ ಚಿಕ್ಕ ಮಗುವಿನ ಹೆಸರು ಇನ್ನೂ ಸೇರಿಸಿಲ್ಲವಾದರೆ ಇಬ್ಬರ ಜನನ ಪ್ರಮಾಣಪತ್ರಗಳನ್ನೂ ಇಡಿ. ತಂದೆಯ ಹೆಸರು ಬೇರೆ ಬೇರೆ ರೀತಿ ಇದ್ದರೂ ತಾಯಿಯ ಹೆಸರು ಎರಡರಲ್ಲೂ ಒಂದೇ ಇದ್ದರೆ ಬಹಳ ಸಲ ಅಷ್ಟು ಸಾಕು. ಎರಡೂ ಹೊಂದದಿದ್ದಾಗ ಮಾತ್ರ, ಈ ಎರಡು ಹೆಸರುಗಳೂ ಒಬ್ಬರದೇ ಎಂಬ ಅಫಿಡವಿಟ್ಟನ್ನು ನೋಟರಿಯ ಮುಂದೆ ಮಾಡಿಸಿಕೊಳ್ಳಬೇಕಾಗುತ್ತದೆ.

ಪತ್ರದ ಒಡಲು

ಪತ್ರ ಒಂದು ಪುಟ ಮೀರಬಾರದು. ಶಾಲೆ ಆಂಗ್ಲ ಮಾಧ್ಯಮದ್ದಾದರೂ ನಿಮಗೆ ಸರಾಗವಾಗಿ ಬರುವುದು ಕನ್ನಡವಾದರೆ ಕನ್ನಡದಲ್ಲಿಯೇ ಬರೆಯಿರಿ. ಅರ್ಥ ಜಾರುವ ಇಂಗ್ಲಿಷ್ ಪತ್ರಕ್ಕಿಂತ ನೇರವಾದ ಕನ್ನಡ ಪತ್ರ ಬೇಗ ಓದಿಸಿಕೊಳ್ಳುತ್ತದೆ. ಆ ತಾಯಿ ಮರುದಿನ ತಂದ ಪತ್ರವನ್ನು, ಗುರುತು ತಿಳಿಯುವ ವಿವರಗಳನ್ನು ತೆಗೆದು, ಇಲ್ಲಿ ಕೊಡುತ್ತಿದ್ದೇನೆ.

> ದಿನಾಂಕ: ಫೆಬ್ರವರಿ 18
>
> ಇವರಿಗೆ,
> ಪ್ರಾಂಶುಪಾಲರು,
> (ಶಾಲೆಯ ಹೆಸರು ಮತ್ತು ವಿಳಾಸ)
>
> ಮಾನ್ಯರೇ,
>
> ವಿಷಯ: ಎಲ್‌ಕೆಜಿ ಪ್ರವೇಶ ನಿರಾಕರಣೆಯನ್ನು ಒಡಹುಟ್ಟಿದವರ ನಿಯಮದಡಿ ಮರುಪರಿಶೀಲಿಸಲು ಕೋರಿಕೆ.
>
> ಉಲ್ಲೇಖ: ಅರ್ಜಿ ಸಂಖ್ಯೆ ……, ದಿನಾಂಕ ಜನವರಿ 20, ತಮ್ಮ ಕಚೇರಿಯ ಸಂದೇಶ, ದಿನಾಂಕ ಫೆಬ್ರವರಿ 14.
>
> ನನ್ನ ಮಗಳು …… ತಮ್ಮ ಶಾಲೆಯ ನಾಲ್ಕನೇ ತರಗತಿಯಲ್ಲಿ ಓದುತ್ತಿದ್ದು, ಆಕೆಯ ಪ್ರವೇಶ ಸಂಖ್ಯೆ …… ಆಗಿರುತ್ತದೆ. ಆಕೆಯ ತಮ್ಮನಾದ …… ಎಂಬವನಿಗೆ ಎಲ್‌ಕೆಜಿ ಪ್ರವೇಶ ಕೋರಿ ಸಲ್ಲಿಸಿದ ಅರ್ಜಿಯಲ್ಲಿ ಮಗಳ ಪ್ರವೇಶ ಸಂಖ್ಯೆಯನ್ನು ಬರೆಯುವುದು ನಮ್ಮಿಂದ ಬಿಟ್ಟುಹೋಗಿತ್ತು. ಅಲ್ಲದೆ ಮಗಳ ದಾಖಲೆಯಲ್ಲಿ ತಂದೆಯ ಹೆಸರು ಮನೆತನದ ಹೆಸರಿನೊಂದಿಗೆ ಪೂರ್ಣವಾಗಿಯೂ, ಮಗನ ಜನನ ಪ್ರಮಾಣಪತ್ರದಲ್ಲಿ ಇನಿಷಿಯಲ್‌ಗಳೊಂದಿಗೂ ಇರುವುದರಿಂದ ಇಬ್ಬರೂ ಒಡಹುಟ್ಟಿದವರೆಂಬುದು ಪರಿಶೀಲನೆಯ ವೇಳೆ ಗಮನಕ್ಕೆ ಬಂದಿಲ್ಲವೆಂದು ತಿಳಿದಿದ್ದೇವೆ.
>
> ಇಬ್ಬರೂ ಒಂದೇ ಕುಟುಂಬದ ಮಕ್ಕಳೆಂಬುದಕ್ಕೆ ಪಡಿತರ ಚೀಟಿ ಹಾಗೂ ಇಬ್ಬರ ಜನನ ಪ್ರಮಾಣಪತ್ರಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ. ಮಗನಿಗೆ ಬರುವ ಜೂನ್ 1ಕ್ಕೆ 4 ವರ್ಷ 2 ತಿಂಗಳು ತುಂಬುತ್ತದೆ.
>
> ನಮ್ಮ ಮನೆ ಮುಖ್ಯರಸ್ತೆಯಿಂದ ಒಳಗಿದ್ದು, ಮಗಳು ಬೆಳಿಗ್ಗೆ 7.40ಕ್ಕೆ ತೋಟದ ಗೇಟಿನ ಬಳಿ ಶಾಲೆಯ ವಾಹನ ಹತ್ತುತ್ತಾಳೆ. ಕಾಡಾನೆಗಳ ಓಡಾಟವಿರುವುದರಿಂದ ಮನೆಯ ಹಿರಿಯರೊಬ್ಬರು ಗೇಟಿನವರೆಗೆ ಬಂದು ನಿಲ್ಲಬೇಕಾಗುತ್ತದೆ. ಮಗನಿಗೆ ದೊರೆಯಬಹುದಾದ ಇನ್ನೊಂದು ಶಾಲೆಯ ವಾಹನ ವಿರುದ್ಧ ದಿಕ್ಕಿಗೆ, ಬೇರೆ ವೇಳೆಗೆ ಬರುತ್ತದೆ.
>
> ಆದ್ದರಿಂದ ಮಗನ ಅರ್ಜಿಯನ್ನು ಒಡಹುಟ್ಟಿದವರ ಅರ್ಜಿಯಾಗಿ ಮರುಪರಿಶೀಲಿಸಬೇಕೆಂದು ಕೋರುತ್ತೇನೆ. ಈಗ ಸೀಟು ಲಭ್ಯವಿಲ್ಲದಿದ್ದಲ್ಲಿ, ಒಡಹುಟ್ಟಿದವರ ಕಾಯುವ ಪಟ್ಟಿಗೆ ಆತನ ಹೆಸರನ್ನು ಸೇರಿಸಿ ಕ್ರಮಸಂಖ್ಯೆಯನ್ನು ಫೆಬ್ರವರಿ 28ರೊಳಗೆ ತಿಳಿಸಬೇಕಾಗಿ ವಿನಂತಿ.
>
> ತಮ್ಮ ವಿಶ್ವಾಸಿ,
> (ಸಹಿ, ಹೆಸರು, ಮೊಬೈಲ್ ಸಂಖ್ಯೆ)
>
> ಲಗತ್ತುಗಳು: ಪಡಿತರ ಚೀಟಿ, ಇಬ್ಬರ ಜನನ ಪ್ರಮಾಣಪತ್ರ, ಮಗಳ ಇತ್ತೀಚಿನ ಶುಲ್ಕ ರಸೀದಿ.

ಈ ಪತ್ರದಲ್ಲಿ ತಪ್ಪು ಯಾರದ್ದೆಂದು ಹೇಳಿರುವ ರೀತಿಯನ್ನು ಗಮನಿಸಿ. ಸಂಖ್ಯೆ ಬರೆಯದಿದ್ದುದು ನಮ್ಮಿಂದಾದ ಲೋಪ ಎಂದು ಮೊದಲೇ ಒಪ್ಪಿಕೊಂಡಿದ್ದಾರೆ, ಕಚೇರಿ ಸರಿಯಾಗಿ ಹುಡುಕಲಿಲ್ಲ ಎಂದು ಎಲ್ಲಿಯೂ ದೂರಿಲ್ಲ. ಇದರಿಂದ ಪ್ರಾಂಶುಪಾಲರು ತಮ್ಮ ಸಿಬ್ಬಂದಿಯನ್ನು ತಪ್ಪಿತಸ್ಥರನ್ನಾಗಿ ಮಾಡದೆ ನಿರ್ಧಾರ ಬದಲಿಸಬಹುದು. ಮರುಪರಿಶೀಲನೆಗೆ ಒಂದು ಹೊಸ ಸಂಗತಿ ಬೇಕು, ಅದನ್ನು ಗೌರವದಿಂದ ಸ್ವೀಕರಿಸಲು ಓದುವವರಿಗೆ ಅವಕಾಶವೂ ಬೇಕು. ಎರಡೂ ಆ ಒಂದೇ ಪ್ಯಾರಾದಲ್ಲಿವೆ.

ಮನೆಯ ಕಷ್ಟವನ್ನು ಮೂರೇ ವಾಕ್ಯದಲ್ಲಿ ಹೇಳಿದ್ದಾರೆ, ಮೂರನ್ನೂ ಬೇಕೆಂದರೆ ಪರಿಶೀಲಿಸಿ ನೋಡಬಹುದು. ವಾಹನದ ವೇಳೆ, ಹತ್ತುವ ಜಾಗ, ಇನ್ನೊಂದು ಶಾಲೆಯ ದಿಕ್ಕು. ‘ಬಹಳ ತೊಂದರೆಯಾಗುತ್ತದೆ’ ಎಂದು ಎಷ್ಟು ಸಲ ಬರೆದರೂ ಅದು ಗೇಟಿನ ಬಳಿ ನಿಂತ ಹಿರಿಯರ ಚಿತ್ರದಷ್ಟು ತಿಳಿಸಲಾರದು. ನಿಮ್ಮ ಮನೆಯ ಸಂಗತಿ ಬೇರೆಯಾಗಿರಬಹುದು. ಎರಡು ಶಾಲೆಗಳು ಎರಡು ತಾಲ್ಲೂಕಿನಲ್ಲಿದ್ದರೆ, ಮಳೆಗಾಲದಲ್ಲಿ ಒಂದು ತಾಲ್ಲೂಕಿಗೆ ಮಾತ್ರ ರಜೆ ಘೋಷಣೆಯಾದ ದಿನ ಒಂದು ಮಗು ಮನೆಯಲ್ಲಿ, ಇನ್ನೊಂದು ಶಾಲೆಯಲ್ಲಿ ಎಂಬಂತಾಗುತ್ತದೆ. ಅಂಥದ್ದಿದ್ದರೆ ಅದನ್ನೇ ಬರೆಯಿರಿ.

ಕೋರಿಕೆ ಎರಡು ಹಂತದಲ್ಲಿರುವುದೂ ಉದ್ದೇಶಪೂರ್ವಕ. ಸೀಟು ಕೊಡಿ ಎಂದಷ್ಟೇ ಕೇಳಿದರೆ, ಖಾಲಿ ಇಲ್ಲದಿದ್ದಾಗ ‘ಇಲ್ಲ’ ಎಂಬ ಉತ್ತರದೊಂದಿಗೆ ಕಡತ ಮುಚ್ಚುತ್ತದೆ. ಸಿಬಿಎಸ್‌ಇ ಶಾಲೆಗಳಲ್ಲಿ ಒಂದು ವಿಭಾಗಕ್ಕೆ ಸಾಮಾನ್ಯವಾಗಿ 40 ಮಕ್ಕಳ ಮಿತಿ ಇರುತ್ತದೆ, ಅದನ್ನು ದಾಟಿ ಕೊಡಿ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಆದರೆ ಕಾಯುವ ಪಟ್ಟಿಯಲ್ಲಿ ಹೆಸರು ಸೇರಿಸಿ ಸಂಖ್ಯೆ ತಿಳಿಸುವುದು ಪ್ರಾಂಶುಪಾಲರ ಕೈಯಲ್ಲಿರುವ ಕೆಲಸ.

ಬರೆಯಬಾರದ ಎರಡು ಮಾತುಗಳಿವೆ. ಶಾಸಕರ ಅಥವಾ ಆಡಳಿತ ಮಂಡಳಿಯ ಪರಿಚಿತರ ಹೆಸರನ್ನು ಪತ್ರದಲ್ಲಿ ತರಬೇಡಿ, ಅದು ನಿಮ್ಮ ಸರಿಯಾದ ಕಾರಣವನ್ನೂ ಒತ್ತಡದಂತೆ ಕಾಣಿಸುತ್ತದೆ. ದೇಣಿಗೆ ಕೊಡಲು ಸಿದ್ಧ ಎಂದೂ ಬರೆಯಬೇಡಿ. ಪ್ರವೇಶಕ್ಕಾಗಿ ವಂತಿಗೆ ತೆಗೆದುಕೊಳ್ಳುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸಿದ್ದು, ವಂತಿಗೆಯ ಹತ್ತು ಪಟ್ಟಿನವರೆಗೆ ದಂಡ ವಿಧಿಸಲು ಅವಕಾಶವಿದೆ.

ದೊಡ್ಡ ಮಗುವಿನ ಶುಲ್ಕ ಬಾಕಿಯಿದ್ದರೆ ಪತ್ರಕ್ಕೆ ಮೊದಲೇ ತೀರಿಸಿ, ಏಕೆಂದರೆ ಕಚೇರಿಯಲ್ಲಿ ಪತ್ರದ ಜೊತೆ ಶುಲ್ಕದ ಲೆಕ್ಕವನ್ನೂ ತೆಗೆದಿಡುತ್ತಾರೆ. ಕಾಫಿ ಮಾರಿದ ಮೇಲೆಯೇ ಕೈಗೆ ಹಣ ಬರುವುದಾದರೆ, ಯಾವ ದಿನಾಂಕದೊಳಗೆ ಎಷ್ಟು ಕಟ್ಟುತ್ತೀರೆಂದು ಪತ್ರದಲ್ಲಿ ಒಂದು ಸಾಲು ಬರೆಯಿರಿ. ಬಾಕಿಯನ್ನು ಅಡಗಿಸಿದ ಪತ್ರಕ್ಕಿಂತ ದಿನಾಂಕ ಕೊಟ್ಟ ಪತ್ರಕ್ಕೆ ಬೆಲೆ ಹೆಚ್ಚು.

ಕೊಡುವುದು ಮತ್ತು ಕಾಯುವುದು

ಪತ್ರದ ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಶಾಲೆಯ ಮೊಹರು, ದಿನಾಂಕ ಮತ್ತು ಒಳಬರುವ ಪತ್ರಗಳ ವಹಿಯ ಸಂಖ್ಯೆಯನ್ನು ಹಾಕಿಸಿಕೊಳ್ಳಿ. ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿದ ಪತ್ರ ಯಾವ ಕಡತಕ್ಕೂ ಸೇರುವುದಿಲ್ಲ. ಮೊದಲ ಪತ್ರದ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸುವ ಅಗತ್ಯವೂ ಇಲ್ಲ. ಶಾಲೆಯು ಹಣ ಕೇಳಿದರೆ, ಇಲ್ಲವೇ ಒಂದನೇ ತರಗತಿಯ ಪ್ರವೇಶಕ್ಕೆ ಮಗುವಿಗೆ ಪರೀಕ್ಷೆ ಮಾಡಿ ತಿರಸ್ಕರಿಸಿದ್ದರೆ ಆಗ ಆ ದಾರಿ ಹಿಡಿಯಬೇಕು. ಸೀಟಿನ ಕೊರತೆಗೆ ಇಲಾಖೆಯಲ್ಲಿ ಪರಿಹಾರ ಸಿಗುವುದಿಲ್ಲ.

ಪತ್ರ ಕೊಡುವ ಸಮಯವೂ ಮುಖ್ಯ. ಆಯ್ಕೆಯಾದ ಮಕ್ಕಳು ಶುಲ್ಕ ಕಟ್ಟಲು ಕೊನೆಯ ದಿನ ಯಾವುದೆಂದು ತಿಳಿದುಕೊಂಡು, ಅದಕ್ಕೆ ಒಂದು ವಾರ ಮೊದಲೇ ಪತ್ರ ಕಚೇರಿಯಲ್ಲಿರಬೇಕು. ಸೀಟುಗಳು ತೆರವಾಗುವುದು ಆ ದಿನದ ಮರುದಿನ, ಆಗ ಕಾಯುವ ಪಟ್ಟಿಯನ್ನು ಮೊದಲು ತೆರೆಯುತ್ತಾರೆ. ಎರಡನೆಯ ಸಲ ತೆರವಾಗುವುದು ಏಪ್ರಿಲ್, ಮೇ ತಿಂಗಳಲ್ಲಿ, ಬ್ಯಾಂಕು, ಅರಣ್ಯ, ಪೊಲೀಸ್ ಇಲಾಖೆಯವರಿಗೆ ವರ್ಗಾವಣೆಯಾಗಿ ಕುಟುಂಬಗಳು ಜಿಲ್ಲೆ ಬಿಡುವಾಗ. ಈ ಎರಡು ಸಂದರ್ಭಗಳಲ್ಲಿ ಮಾತ್ರ ಹೋಗಿ ವಿಚಾರಿಸಿದರೆ ಸಾಕು. ದಿನಕ್ಕೊಂದು ಕರೆ ಮಾಡುವುದರಿಂದ ಕ್ರಮಸಂಖ್ಯೆ ಮೇಲೇರುವುದಿಲ್ಲ.

ಸುಂಟಿಕೊಪ್ಪದ ಆ ಹುಡುಗನಿಗೆ ಫೆಬ್ರವರಿ 25ರಂದು ಒಡಹುಟ್ಟಿದವರ ಕಾಯುವ ಪಟ್ಟಿಯಲ್ಲಿ 3ನೇ ಸಂಖ್ಯೆ ಸಿಕ್ಕಿತು. ಮಾರ್ಚ್ ಮೊದಲ ವಾರ ಎರಡು ಸೀಟು ತೆರವಾದಾಗ ಅವನ ಸರದಿ ಬರಲಿಲ್ಲ. ತಾಯಿ ಆ ವೇಳೆಗೆ ಬೇರೊಂದು ಶಾಲೆಯಲ್ಲಿಯೂ ಅರ್ಜಿ ಹಾಕಿ ಇಟ್ಟಿದ್ದರು, ಅದು ಬುದ್ಧಿವಂತಿಕೆಯ ಕೆಲಸ. ಆದರೆ ಅಲ್ಲಿ ಪೂರ್ತಿ ಶುಲ್ಕ ಕಟ್ಟುವ ಮುನ್ನ, ಸೀಟು ಬಿಟ್ಟರೆ ಹಣ ಮರಳಿಸುತ್ತಾರೆಯೇ ಎಂದು ಕೇಳಿ ಬರೆಸಿಕೊಂಡಿದ್ದರು. ಏಪ್ರಿಲ್ ಎರಡನೇ ವಾರದಲ್ಲಿ ಒಂದು ಕುಟುಂಬ ವರ್ಗಾವಣೆಯಾಗಿ ಹೋದಾಗ ನಮ್ಮ ಕಚೇರಿಯಿಂದ ಅವರಿಗೆ ಕರೆ ಹೋಯಿತು.

ಪ್ರವೇಶದ ದಿನ ನಾನು ಅವರಿಗೆ ಹೇಳಿದ್ದನ್ನು ಇಲ್ಲಿಯೂ ಹೇಳುತ್ತೇನೆ. ಚಿಕ್ಕವನ ವಿವರಗಳನ್ನು ಶಿಕ್ಷಣ ಇಲಾಖೆ ವಿದ್ಯಾರ್ಥಿಗಳ ದಾಖಲೆ ಇಡುವ ಎಸ್‌ಎಟಿಎಸ್ ತಂತ್ರಾಂಶಕ್ಕೆ ಸೇರಿಸುವ ಮೊದಲು, ತಂದೆಯ ಹೆಸರನ್ನು ಇಬ್ಬರು ಮಕ್ಕಳಿಗೂ ಒಂದೇ ರೀತಿ ಬರೆಸಿ, ಮನೆತನದ ಹೆಸರು ಪೂರ್ತಿಯೋ ಒಂದಕ್ಷರವೋ, ಮುಂದೋ ಹಿಂದೋ ಎಂಬುದನ್ನು ಮನೆಯಲ್ಲಿ ತೀರ್ಮಾನಿಸಿ. ಒಮ್ಮೆ ದಾಖಲಾದ ಹೆಸರೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯವರೆಗೆ ಹೋಗುತ್ತದೆ, ಆಮೇಲೆ ತಿದ್ದಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಅವರು ಅಲ್ಲಿಯೇ ಕೂತು, ಗಂಡನಿಗೆ ಫೋನ್ ಮಾಡಿ, ಜನನ ಪ್ರಮಾಣಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ಓದಿ ಹೇಳಿ ಬರೆಸಿದರು.